ಕರ್ಣ ಎಲ್ಲಿ?

ಎರಡು ವರ್ಷದ ಹಿಂದೆ ಬೆಂಗಳೂರಿನ ಹೊರವಲಯದಲ್ಲಿ ಒಂದು ಸೈಟು ನೋಡಿದೆ. ಲೇಔಟಿನ ಕೊನೆಯ ಸಾಲು. ರಸ್ತೆ ಓರೆಯಾಗಿ ತಿರುಗುವ ಜಾಗವಾದ್ದರಿಂದ ಸೈಟು ಮೂವತ್ತು ನಲವತ್ತರ ನೆಟ್ಟಗಿನ ಆಯತವಲ್ಲ. ನಾಲ್ಕು ಬದಿ ನಾಲ್ಕು ಅಳತೆ. ಮಾರುವವರು ಹಳೆಯ ಕ್ರಯಪತ್ರದ ಜೆರಾಕ್ಸ್ ಕೊಟ್ಟರು. ಷೆಡ್ಯೂಲಿನಲ್ಲಿ ಹೀಗಿತ್ತು: ಪೂರ್ವ-ಪಶ್ಚಿಮ (30+39)/2 ಅಡಿ, ಉತ್ತರ-ದಕ್ಷಿಣ (51+60)/2 ಅಡಿ, ಒಟ್ಟು 1914.75 ಚದರಡಿ. ಚದರಡಿಗೆ ಆರು ಸಾವಿರದಂತೆ ಮಾತಾಯಿತು. ನಾನು ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ ಒಮ್ಮೆ ಗುಣಿಸಿ ನೋಡಿ, ಲೆಕ್ಕ ಸರಿ ಇದೆ ಅಂದುಕೊಂಡೆ.

ಊರಿಗೆ ಹೋದಾಗ ದೊಡ್ಡಪ್ಪನಿಗೆ ತೋರಿಸಿದೆ. ಅವರು ಸರ್ವೆ ಇಲಾಖೆಯಲ್ಲಿ ಭೂಮಾಪಕರಾಗಿದ್ದು ನಿವೃತ್ತರಾದವರು. ಕಾಗದವನ್ನು ಕಣ್ಣಿನಿಂದ ದೂರ ಹಿಡಿದು ಓದಿದರು. ಆಮೇಲೆ ಕೇಳಿದ್ದು ಒಂದೇ ಮಾತು.

“ಅಲ್ಲೋ, ಕರ್ಣ ಎಲ್ಲಿ?”

“ಯಾವ ಕರ್ಣ ದೊಡ್ಡಪ್ಪಾ?”

“ಮೂಲೆಯಿಂದ ಮೂಲೆಗೆ ಟೇಪ್ ಹಿಡಿದಿಲ್ಲ. ನಾಲ್ಕು ಬದಿ ಬರೆದು ವಿಸ್ತೀರ್ಣ ಇಷ್ಟು ಅಂತ ಹೇಳೋಕೆ ಆಗಲ್ಲಪ್ಪ. ಇದು ಅಂದಾಜು.”

ನನಗೆ ಅರ್ಥ ಆಗಲಿಲ್ಲ. ನಾಲ್ಕೂ ಬದಿ ಗೊತ್ತಿದ್ದ ಮೇಲೆ ಇನ್ನೇನು ಬೇಕು? ಈ ಪ್ರಶ್ನೆಯ ಹಿಂದೆ ಬಿದ್ದು ಓದುತ್ತಾ ಹೋದಾಗ ಗೊತ್ತಾಗಿದ್ದೇನೆಂದರೆ, ನನ್ನ ಕ್ರಯಪತ್ರದಲ್ಲಿದ್ದ ಆ ಸೂತ್ರಕ್ಕೆ ಎರಡು ಸಾವಿರ ವರ್ಷಕ್ಕೂ ಹೆಚ್ಚು ವಯಸ್ಸು. ಅದು ತಪ್ಪು ಎಂದು ಹೇಳಿದವರ ಮಾತಿಗೇ ಸಾವಿರ ವರ್ಷ ಆಗಿದೆ.

ಈಜಿಪ್ಟಿನ ಎಡ್ಫು ಎಂಬ ಊರಿನಲ್ಲಿ ಹೋರಸ್ ದೇವರ ಗುಡಿ ಇದೆ. ಟಾಲೆಮಿ ವಂಶದ ಅರಸರ ಕಾಲದ್ದು. ನಮ್ಮ ಗುಡಿಗಳಲ್ಲಿ ದತ್ತಿ ಶಾಸನ ಇರುವ ಹಾಗೆ ಅಲ್ಲಿಯೂ ಗೋಡೆಯ ಮೇಲೆ ದೇವರಿಗೆ ಬಿಟ್ಟ ಹೊಲಗಳ ಪಟ್ಟಿ ಕೆತ್ತಿದ್ದಾರೆ. ಒಂದೊಂದು ಹೊಲಕ್ಕೂ ನಾಲ್ಕು ಬದಿಯ ಅಳತೆ, ಮುಂದೆ ವಿಸ್ತೀರ್ಣ. ಲೆಕ್ಕ ಹಾಕಿದ ಬಗೆ ನನ್ನ ಷೆಡ್ಯೂಲಿನದ್ದೇ: ಎದುರುಬದುರು ಬದಿಗಳನ್ನು ಕೂಡಿಸಿ ಅರ್ಧ ಮಾಡು, ಇನ್ನೆರಡನ್ನೂ ಹಾಗೇ ಮಾಡು, ಗುಣಿಸು. ಮೂರೇ ಬದಿಯ ಹೊಲ ಬಂದರೆ ನಾಲ್ಕನೆಯ ಬದಿ ‘ಇಲ್ಲ’ ಎಂದು ಬರೆದು ಅದೇ ಸೂತ್ರ ನಡೆಸಿದ್ದಾರೆ.

ನಮ್ಮಲ್ಲಿ ಇದೇ ಲೆಕ್ಕವನ್ನು ಬ್ರಹ್ಮಗುಪ್ತ ಕ್ರಿ.ಶ. 628ರ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಕೊಟ್ಟಿದ್ದಾನೆ. ಆದರೆ ಅವನು ಒಂದು ಎಚ್ಚರಿಕೆ ವಹಿಸಿದ. ಇದನ್ನು ‘ಸ್ಥೂಲ’ ಎಂದು ಕರೆದ, ಅಂದರೆ ಮೋಟು ಲೆಕ್ಕ. ಅದರ ಬೆನ್ನಿಗೇ ‘ಸೂಕ್ಷ್ಮ’ ಎಂದು ಇನ್ನೊಂದು ಕೊಟ್ಟ. ನಾಲ್ಕೂ ಬದಿ ಕೂಡಿಸಿ ಅರ್ಧ ಮಾಡಬೇಕು. ಆ ಅರ್ಧದಿಂದ ಒಂದೊಂದು ಬದಿಯನ್ನೂ ಬೇರೆ ಬೇರೆಯಾಗಿ ಕಳೆಯಬೇಕು. ಬಂದ ನಾಲ್ಕು ಸಂಖ್ಯೆಗಳನ್ನು ಗುಣಿಸಿ ವರ್ಗಮೂಲ ತೆಗೆಯಬೇಕು. ನೋಡಲು ಬಹಳ ಚಂದದ ಸೂತ್ರ. ತೊಡಕು ಏನೆಂದರೆ, ನಾಲ್ಕೂ ಮೂಲೆಗಳು ಒಂದೇ ವೃತ್ತದ ಮೇಲೆ ಬರುವಂಥ ಚತುರ್ಭುಜಕ್ಕೆ ಮಾತ್ರ ಇದು ಸರಿಯಾದ ಉತ್ತರ ಕೊಡುತ್ತದೆ. ಆ ಷರತ್ತು ಆ ಶ್ಲೋಕದಲ್ಲಿ ಇಲ್ಲ.

ಸುಮಾರು ಎರಡು ಶತಮಾನದ ಮೇಲೆ ನಮ್ಮದೇ ನೆಲದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಅದರ ಕ್ಷೇತ್ರಗಣಿತದ ಭಾಗದಲ್ಲಿ ಎರಡೂ ಲೆಕ್ಕಗಳಿವೆ. ಮೊದಲಿನದಕ್ಕೆ ಅವನಿಟ್ಟ ಹೆಸರು ‘ವ್ಯಾವಹಾರಿಕ’. ಅಂದರೆ ವ್ಯವಹಾರದಲ್ಲಿ ನಡೆಯುವ ಲೆಕ್ಕ. ಈ ಹೆಸರು ನೋಡಿ ನನಗೆ ನಗು ಬಂತು. ನನ್ನ ಕ್ರಯಪತ್ರವೂ ವ್ಯವಹಾರವೇ ತಾನೇ! ಇನ್ನೊಂದು ಮಾತನ್ನೂ ಮಹಾವೀರ ಹೇಳುತ್ತಾನೆ: ಮೇಲಿನ ಬದಿ, ಕೆಳಗಿನ ಬದಿಗಳ ಮೊತ್ತದ ಅರ್ಧವನ್ನು ಲಂಬದಿಂದ ಗುಣಿಸುವ ವಿಧಾನ ವಿಷಮ ಚತುರ್ಭುಜಕ್ಕೆ, ಅಂದರೆ ನಾಲ್ಕೂ ಬದಿ ಬೇರೆ ಬೇರೆ ಇರುವ ಆಕೃತಿಗೆ, ಸಲ್ಲದು. ನನ್ನ ಸೈಟು ಅಂಥದ್ದೇ ವಿಷಮ ಚತುರ್ಭುಜ.

ದೊಡ್ಡಪ್ಪನ ಪ್ರಶ್ನೆಯನ್ನು ಮೊದಲು ಗಟ್ಟಿಯಾಗಿ ಕೇಳಿದವರು ಎರಡನೆಯ ಆರ್ಯಭಟ ಮತ್ತು ಭಾಸ್ಕರಾಚಾರ್ಯ. ಕರ್ಣ ಗೊತ್ತಿಲ್ಲದೆ ಚತುರ್ಭುಜದ ವಿಸ್ತೀರ್ಣ ಹೇಳಹೊರಡುವವನು ಒಂದೋ ಮೂರ್ಖ, ಇಲ್ಲವೇ ಪಿಶಾಚಿ ಎಂಬ ಅರ್ಥದ ಮಾತು ಆರ್ಯಭಟನದು. ಭಾಸ್ಕರ 1150ರ ‘ಲೀಲಾವತಿ’ಯಲ್ಲಿ ಇದನ್ನೇ ಇನ್ನಷ್ಟು ಬೆಳೆಸಿ, ಕರ್ಣವನ್ನೋ ಲಂಬವನ್ನೋ ಕೊಡದೆ ಪ್ರಶ್ನೆ ಕೇಳುವವನೂ ಪಿಶಾಚಿಯೇ, ಉತ್ತರ ಹೇಳುವವನು ಅವನಿಗಿಂತ ದೊಡ್ಡ ಪಿಶಾಚಿ ಎನ್ನುತ್ತಾನೆ. ಗಣಿತದ ಪುಸ್ತಕದಲ್ಲಿ ಇಷ್ಟು ಸಿಟ್ಟು ಅಪರೂಪ.

ಸಿಟ್ಟಿಗೆ ಕಾರಣವನ್ನೂ ಭಾಸ್ಕರ ಬಿಡಿಸಿ ಹೇಳಿದ್ದಾನೆ. ಎದುರುಬದುರಿನ ಎರಡು ಮೂಲೆಗಳನ್ನು ಒಳಕ್ಕೆ ಒತ್ತಿದರೆ ಅವುಗಳ ನಡುವಿನ ಕರ್ಣ ಗಿಡ್ಡವಾಗುತ್ತದೆ, ಇನ್ನೊಂದು ಕರ್ಣ ಉದ್ದವಾಗುತ್ತದೆ. ಬದಿಗಳು ಮಾತ್ರ ಇದ್ದ ಹಾಗೇ ಇರುತ್ತವೆ. ಮರದ ನಾಲ್ಕು ಪಟ್ಟಿಗಳನ್ನು ತುದಿಗೆ ಒಂದೊಂದು ಮೊಳೆ ಹೊಡೆದು ಜೋಡಿಸಿ ನೋಡಿ. ಚೌಕಟ್ಟು ಅಲುಗಾಡುತ್ತದೆ, ಓರೆಯಾಗುತ್ತದೆ, ಒತ್ತಿದರೆ ಚಪ್ಪಟೆಯೂ ಆಗುತ್ತದೆ. ಪಟ್ಟಿಗಳ ಉದ್ದ ಬದಲಾಗಿಲ್ಲ, ಆದರೆ ಒಳಗಿನ ಜಾಗ ಕಡಿಮೆಯಾಗುತ್ತಾ ಬಂತು. ಬಡಗಿ ಇದಕ್ಕೇ ಮೂಲೆಯಿಂದ ಮೂಲೆಗೆ ಇನ್ನೊಂದು ಪಟ್ಟಿ ಹೊಡೆಯುತ್ತಾನೆ. ಆಗ ಚೌಕಟ್ಟು ಎರಡು ತ್ರಿಕೋನ ಆಗುತ್ತದೆ. ತ್ರಿಕೋನ ಅಲುಗಾಡಲ್ಲ. ಮೂರು ಬದಿ ಗೊತ್ತಾದರೆ ಅದರ ಆಕಾರವೂ ವಿಸ್ತೀರ್ಣವೂ ನಿಂತುಬಿಟ್ಟವು.

ಭಾಸ್ಕರ ಕೊಡುವ ಉದಾಹರಣೆ ಹೀಗಿದೆ. ಕೆಳಬದಿ 14, ಮೇಲಿನದು 9, ಪಕ್ಕದವು 13 ಮತ್ತು 12, ಲಂಬ 12. ಬ್ರಹ್ಮಗುಪ್ತನ ಸೂಕ್ಷ್ಮ ಸೂತ್ರದಂತೆ 19800ರ ವರ್ಗಮೂಲ, 141ಕ್ಕೆ ತುಸು ಕಡಿಮೆ. ನಿಜವಾದ ವಿಸ್ತೀರ್ಣ 138. ಸೂಕ್ಷ್ಮ ಎನಿಸಿಕೊಂಡಿದ್ದೂ ಇಲ್ಲಿ ಸ್ಥೂಲವೇ ಆಯಿತು.

ಇಷ್ಟು ಓದಿಕೊಂಡ ಮೇಲೆ ಒಂದು ಭಾನುವಾರ ಬೆಳಗ್ಗೆ ದೊಡ್ಡಪ್ಪನನ್ನು ಕರೆದುಕೊಂಡು ಸೈಟಿಗೆ ಹೋದೆ. ನೂರು ಅಡಿಯ ಸ್ಟೀಲ್ ಟೇಪ್, ನಾಲ್ಕು ಗೂಟ, ಸುಣ್ಣ, ಒಂದು ನೋಟ್‌ಬುಕ್. ಮಾರುವವರೂ ಬಂದಿದ್ದರು.

ಮೊದಲು ದೊಡ್ಡಪ್ಪ ಮೂಲೆಕಲ್ಲುಗಳನ್ನು ಹುಡುಕಿಸಿದರು. ಒಂದು ಕಲ್ಲು ಕಳೆಯೊಳಗೆ ಮುಚ್ಚಿಹೋಗಿತ್ತು. ಕಲ್ಲು ಸಿಗದೆ ಬೇಲಿ ನೋಡಿ ಅಳೆದರೆ ಅಲ್ಲೇ ಮೊದಲ ತಪ್ಪು ಅಂದರು. ಆಮೇಲೆ ಒಂದೊಂದು ಬದಿ. ಟೇಪು ಜೋತು ಬೀಳದ ಹಾಗೆ ಎಳೆದು, ನೆಲದ ಏರಿಳಿತವನ್ನು ಅನುಸರಿಸದೆ ಮಟ್ಟವಾಗಿ ಹಿಡಿಯಬೇಕು. ಇಳಿಜಾರಿನ ಗುಂಟ ಹಿಡಿದರೆ ಉದ್ದ ಜಾಸ್ತಿ ಬರುತ್ತದೆ. ಉತ್ತರಕ್ಕೆ ರಸ್ತೆ, ಆ ಬದಿ 30 ಅಡಿ. ಪೂರ್ವ 51. ದಕ್ಷಿಣ 39. ಪಶ್ಚಿಮ 60. ಎಲ್ಲ ಕ್ರಯಪತ್ರದಲ್ಲಿ ಇದ್ದ ಹಾಗೇ. ಮಾರುವವರ ಮುಖ ಅರಳಿತು.

“ಈಗ ಅಡ್ಡ ಹಿಡಿ” ಅಂದರು ದೊಡ್ಡಪ್ಪ. ವಾಯವ್ಯ ಮೂಲೆಯಿಂದ ಆಗ್ನೇಯ ಮೂಲೆಗೆ ಟೇಪು ಎಳೆದೆವು. 63 ಅಡಿ.

ಈಗ ಎರಡು ತ್ರಿಕೋನ ಸಿಕ್ಕವು. ಒಂದರ ಬದಿಗಳು 30, 51, 63. ಇನ್ನೊಂದರದ್ದು 39, 60, 63. ಮೂರು ಬದಿಯಿಂದ ವಿಸ್ತೀರ್ಣ ತೆಗೆಯುವ ಲೆಕ್ಕ ನಮಗೆಲ್ಲ ಹೈಸ್ಕೂಲಿನಲ್ಲಿ ಹೆರಾನನ ಸೂತ್ರ ಎಂಬ ಹೆಸರಿನಲ್ಲಿ ಬಂದಿರುತ್ತದೆ. ಬದಿಗಳ ಮೊತ್ತದ ಅರ್ಧ ತೆಗೆದು, ಅದರಿಂದ ಮೂರೂ ಬದಿ ಬೇರೆ ಬೇರೆ ಕಳೆದು, ನಾಲ್ಕೂ ಸಂಖ್ಯೆ ಗುಣಿಸಿ, ವರ್ಗಮೂಲ. ಮೊದಲ ತ್ರಿಕೋನಕ್ಕೆ ಅರ್ಧಮೊತ್ತ 72. ಕಳೆದರೆ 42, 21, 9.

72 × 42 × 21 × 9 = 571536, ವರ್ಗಮೂಲ 756.

ಎರಡನೆಯದಕ್ಕೆ ಅರ್ಧಮೊತ್ತ 81. ಕಳೆದರೆ 42, 21, 18.

81 × 42 × 21 × 18 = 1285956, ವರ್ಗಮೂಲ 1134.

ಕೂಡಿಸಿದರೆ 1890 ಚದರಡಿ. ಕಾಗದದಲ್ಲಿ ಇದ್ದದ್ದು 1914.75. ವ್ಯತ್ಯಾಸ 24.75 ಚದರಡಿ. ಒಂದು ಸಣ್ಣ ಬಚ್ಚಲುಮನೆ ಅನ್ನಿ. ಆರು ಸಾವಿರದ ಲೆಕ್ಕದಲ್ಲಿ 1,48,500 ರೂಪಾಯಿ.

ದೊಡ್ಡಪ್ಪ ಹೆರಾನನ ಸೂತ್ರ ಬಳಸಲಿಲ್ಲ. ಅವರು ಸರ್ವೆಯವರ ದಾರಿ ಹಿಡಿದರು. ನೆಲದ ಮೇಲೆ ಕರ್ಣದ ಗುಂಟ ಸುಣ್ಣದ ಗೆರೆ ಹಾಕಿಸಿ, ಉಳಿದ ಎರಡು ಮೂಲೆಗಳಿಂದ ಆ ಗೆರೆಗೆ ನೇರ ಲಂಬ ಅಳೆದರು. ಒಂದು ಕಡೆ 24 ಅಡಿ, ಇನ್ನೊಂದು ಕಡೆ 36. ಎರಡೂ ಸೇರಿ 60. ಕರ್ಣ 63, ಗುಣಿಸಿ ಅರ್ಧ ಮಾಡಿದರೆ 1890. ವರ್ಗಮೂಲದ ಗೊಡವೆಯೇ ಇಲ್ಲ. ಭಾಸ್ಕರ ಕರ್ಣ ಅಥವಾ ಲಂಬ ಎಂದು ಕೇಳಿದ್ದು ಯಾಕೆ ಅಂತ ನನಗೆ ಆಗ ಹೊಳೆಯಿತು.

ಹಳೆಯ ಸರ್ವೆಯವರು ಹೊಲಗಳನ್ನು ಅಳೆದದ್ದೂ ಹೀಗೆಯೇ. ಮೈಸೂರು ಸಂಸ್ಥಾನದಲ್ಲಿ ಬೊಂಬಾಯಿ ಪದ್ಧತಿಯ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ಅವರ ಸರಪಳಿ 33 ಅಡಿ, ಅದರಲ್ಲಿ ಹದಿನಾರು ಆಣೆ. ಸರಪಳಿ ಉದ್ದ, ಸರಪಳಿ ಅಗಲ ಇದ್ದರೆ 1089 ಚದರಡಿ, ಅದೇ ಒಂದು ಗುಂಟೆ. ಹೊಲದ ನಡುವೆ ಒಂದು ಗೆರೆ ಹಿಡಿದು, ಎರಡೂ ಪಕ್ಕದ ಮೂಲೆಗಳಿಗೆ ಲಂಬ ಅಳೆದು ಟಿಪ್ಪಣಿ ಬರೆಯುತ್ತಿದ್ದರು. ರೂಪಾಯಿ ಆಣೆಯ ಲೆಕ್ಕ ಬಲ್ಲವನಿಗೆ ಜಮೀನಿನ ಲೆಕ್ಕವೂ ಬರುತ್ತಿತ್ತು.

ಮಾರುವವರು ಒಪ್ಪಲಿಲ್ಲ. “ಸಾರ್, ಎಲ್ಲ ಡೀಡಲ್ಲೂ ಆವರೇಜೇ ಹಾಕ್ತಾರೆ. ಒಂದು ಸಲ ಜಾಸ್ತಿ ಬರುತ್ತೆ, ಒಂದು ಸಲ ಕಮ್ಮಿ ಬರುತ್ತೆ. ಅಡ್ಜಸ್ಟ್ ಆಗಿಹೋಗುತ್ತೆ” ಅಂದರು.

ಈ ಮಾತಿನಲ್ಲೇ ಇಡೀ ಕಥೆಯ ಗುಟ್ಟಿದೆ. ಸರಾಸರಿ ಲೆಕ್ಕ ಎಂದೂ ಕಮ್ಮಿ ಬರುವುದಿಲ್ಲ. ನಾಲ್ಕೂ ಮೂಲೆ ನೇರ ತೊಂಬತ್ತು ಡಿಗ್ರಿ ಇದ್ದರೆ ಸರಿಯಾಗಿ ಬರುತ್ತದೆ. ಇಲ್ಲದಿದ್ದರೆ ಯಾವಾಗಲೂ ಹೆಚ್ಚೇ. ಇದನ್ನು ತೋರಿಸುವುದಕ್ಕೂ ಕರ್ಣವೇ ಸಾಕು.

ಒಂದು ತ್ರಿಕೋನದ ಎರಡು ಬದಿ ಗೊತ್ತಿದ್ದರೆ, ಅವುಗಳನ್ನು ಗುಣಿಸಿ ಅರ್ಧ ಮಾಡಿದ್ದಕ್ಕಿಂತ ವಿಸ್ತೀರ್ಣ ಹೆಚ್ಚಾಗಲು ಸಾಧ್ಯವಿಲ್ಲ. ಆ ಎರಡು ಬದಿ ನೇರ ಮೂಲೆಯಲ್ಲಿ ಸೇರಿದಾಗ ಮಾತ್ರ ಅಷ್ಟಾಗುತ್ತದೆ. ನನ್ನ ಸೈಟನ್ನು 63 ಅಡಿಯ ಕರ್ಣದ ಮೇಲೆ ಸೀಳಿದರೆ ವಿಸ್ತೀರ್ಣ 30 × 51 ಮತ್ತು 39 × 60, ಇವುಗಳ ಮೊತ್ತದ ಅರ್ಧವನ್ನು ಮೀರದು. ಅಂದರೆ 1935. ಇನ್ನೊಂದು ಕರ್ಣದ ಮೇಲೆ ಸೀಳಿದರೆ 30 × 60 ಮತ್ತು 51 × 39, ಇವುಗಳ ಮೊತ್ತದ ಅರ್ಧವನ್ನು ಮೀರದು. ಅಂದರೆ 1894.5. ಈ ಎರಡು ಮಿತಿಗಳ ಸರಾಸರಿ ತೆಗೆಯಿರಿ: 1914.75. ಕ್ರಯಪತ್ರದ ಸಂಖ್ಯೆಯೇ! ನಾವು ವಿಸ್ತೀರ್ಣ ಎಂದು ಬರೆದುಕೊಳ್ಳುತ್ತಿರುವುದು ಎರಡು ಮೇಲ್ಮಿತಿಗಳ ನಡುವಿನ ಸಂಖ್ಯೆ. ಅದು ಎಂದಿಗೂ ಕೊಳ್ಳುವವನ ಕಡೆಗೆ ವಾಲುವುದಿಲ್ಲ.

ಬ್ರಹ್ಮಗುಪ್ತನ ಸೂಕ್ಷ್ಮ ಸೂತ್ರಕ್ಕೂ ಇಲ್ಲಿ ಒಳ್ಳೆಯ ಉಪಯೋಗವಿದೆ. ಕೊಟ್ಟ ನಾಲ್ಕು ಬದಿಯಿಂದ ಎಷ್ಟು ದೊಡ್ಡ ಜಾಗ ಮಾಡಬಹುದು ಎಂಬುದಕ್ಕೆ ಅದು ಗಡಿ. ನನ್ನ ಬದಿಗಳಿಗೆ ಅದು 1892 ಚದರಡಿ ಚಿಲ್ಲರೆ. ಅಂದಮೇಲೆ ಆ ನಾಲ್ಕು ಬದಿಯನ್ನು ಹೇಗೆ ಎಳೆದು ಜೋಡಿಸಿದರೂ 1914.75 ಚದರಡಿಯ ಸೈಟು ಭೂಮಿಯ ಮೇಲೆ ಎಲ್ಲೂ ಇರಲಾರದು. ಮೇಲಿನ ಗಡಿ ಇದಾದರೆ ಕೆಳಗಡೆಗೆ ಜಾರುವುದು ಸಲೀಸು. ಅದೇ ಬದಿಗಳಿದ್ದು ಕರ್ಣ ಮಾತ್ರ 75 ಅಡಿ ಆಗಿದ್ದರೆ ವಿಸ್ತೀರ್ಣ ಸುಮಾರು 1714. ಷೆಡ್ಯೂಲಿನಲ್ಲಿ ಆಗಲೂ ಅದೇ 1914.75 ಇರುತ್ತಿತ್ತು. ಇನ್ನೂರು ಚದರಡಿ, ಹನ್ನೆರಡು ಲಕ್ಷ ರೂಪಾಯಿ ಗಾಳಿಯಲ್ಲಿ.

ಕರ್ಣವನ್ನೇ ತಪ್ಪಾಗಿ ಅಳೆದರೆ? ಇದನ್ನು ನಾನು ಕೇಳಿದೆ. ದೊಡ್ಡಪ್ಪನ ಉತ್ತರ: “ಅದಕ್ಕೇ ಎರಡೂ ಕರ್ಣ ಅಳೆಯೋದು.” ಒಂದರಿಂದ ಲೆಕ್ಕ, ಇನ್ನೊಂದರಿಂದ ತಾಳೆ. ಈಶಾನ್ಯದಿಂದ ನೈಋತ್ಯಕ್ಕೆ ಟೇಪು ಹಿಡಿದೆವು. 67 ಅಡಿ 1 ಇಂಚು. ಆ ಕರ್ಣದ ಮೇಲೆ ಸೀಳಿದರೆ ಒಂದು ತ್ರಿಕೋನ 900, ಇನ್ನೊಂದು 990. ಮತ್ತೆ 1890. ಎರಡು ಲೆಕ್ಕ ಕೂಡಿಬಂದರೆ ಆರೂ ಅಳತೆ ಸರಿ ಎಂದು ನಂಬಬಹುದು. ಬರದಿದ್ದರೆ ಆರರಲ್ಲಿ ಯಾವುದೋ ಒಂದು ತಪ್ಪಿದೆ, ಇನ್ನೊಮ್ಮೆ ಅಳೆಯಬೇಕು.

ಮನೆಗೆ ಬಂದು ನಾನೇ ಪರೀಕ್ಷೆ ಮಾಡಿ ನೋಡಿದ ಇನ್ನೊಂದು ಸಂಗತಿ ಇದೆ. ನನ್ನ ಸೈಟಿನಂತೆ ಮೂಲೆಗಳು ನೇರಕ್ಕೆ ಹತ್ತಿರ ಇದ್ದಾಗ ಕರ್ಣದಲ್ಲಿ ಆರು ಇಂಚು ತಪ್ಪಿದರೂ ವಿಸ್ತೀರ್ಣ ಒಂದೂವರೆ ಚದರಡಿಯಷ್ಟು ಮಾತ್ರ ಆಚೀಚೆ ಆಗುತ್ತದೆ. ಅದೇ 75 ಅಡಿ ಕರ್ಣದ ಓರೆ ಸೈಟಿನಲ್ಲಿ ಅದೇ ಆರು ಇಂಚಿಗೆ ಸುಮಾರು ಇಪ್ಪತ್ತು ಚದರಡಿ ಹೋಗುತ್ತದೆ. ತ್ರಿಕೋನ ತೆಳ್ಳಗಾದಷ್ಟೂ ತಪ್ಪು ದುಬಾರಿ. ಹಾಗಾಗಿ ತೀರಾ ಓರೆಯ ಜಾಗದಲ್ಲಿ ಗಿಡ್ಡ ಕರ್ಣದ ಮೇಲೆ ಸೀಳುವುದು ವಾಸಿ. ಒಂದು ಮೂಲೆ ಒಳಕ್ಕೆ ಬಾಗಿದ್ದರೆ ಒಂದು ಕರ್ಣ ಸೈಟಿನ ಹೊರಗೇ ಬೀಳುತ್ತದೆ. ಅಲ್ಲಿ ಒಳಗೆ ಇರುವ ಕರ್ಣವನ್ನೇ ಹಿಡಿಯಬೇಕು. ನಡುವೆ ಮನೆ ಕಟ್ಟಿಬಿಟ್ಟಿದ್ದರೆ ಟೇಪು ಹಾಯುವುದಿಲ್ಲ, ಯಂತ್ರ ಇಟ್ಟುಕೊಂಡ ಸರ್ವೆಯರನ್ನೇ ಕರೆಸಬೇಕು. ಖಾಲಿ ಸೈಟು ಇದ್ದಾಗಲೇ ಅಳೆಯಿರಿ ಎನ್ನುವುದು ಇದಕ್ಕೆ.

ಮಾರುವವರಿಗೆ ನೋಟ್‌ಬುಕ್ ತೋರಿಸಿದೆ. ಬಹಳ ಹೊತ್ತು ಸುಮ್ಮನಿದ್ದರು. ಮೋಸ ಮಾಡುವ ಮನುಷ್ಯರಲ್ಲ ಅವರು. ಆಮೇಲೆ ಮೆಲ್ಲಗೆ ಹೇಳಿದರು: “ನಾನು ತಗೊಂಡಾಗಲೂ ಇದೇ ಲೆಕ್ಕಕ್ಕೆ ದುಡ್ಡು ಕೊಟ್ಟಿದ್ದೀನಿ ಸಾರ್.”

ಅವರಿಗೆ ಮಾರಿದವರೂ ಬಹುಶಃ ಹಾಗೇ ಕೊಟ್ಟಿದ್ದರು. ಇಲ್ಲದ 24.75 ಚದರಡಿ ಕೈಯಿಂದ ಕೈಗೆ ದಾಟುತ್ತಾ ಪ್ರತಿ ಸಲವೂ ಬೆಲೆ ಏರಿಸಿಕೊಂಡು ನನ್ನ ತನಕ ಬಂದಿತ್ತು. ನಾನೂ ಸುಮ್ಮನೆ ಸಹಿ ಹಾಕಿದ್ದರೆ ಮುಂದೊಂದು ದಿನ ಇನ್ನೊಬ್ಬರಿಗೆ ಇನ್ನೂ ಹೆಚ್ಚಿನ ದರಕ್ಕೆ ದಾಟಿಸಬಹುದಿತ್ತು. ನಿಜ ಹೇಳಬೇಕೆಂದರೆ ಆ ಯೋಚನೆ ಒಂದು ಕ್ಷಣ ಬಂತು ಕೂಡ.

ಕೊನೆಗೆ ವ್ಯತ್ಯಾಸದ ದುಡ್ಡನ್ನು ಅರ್ಧರ್ಧ ಹಂಚಿಕೊಂಡೆವು. ಒಂದು ಷರತ್ತು ಮಾತ್ರ ಬಿಡಲಿಲ್ಲ: ಹೊಸ ಕ್ರಯಪತ್ರದಲ್ಲಿ ಸರಾಸರಿ ಬರೆಯಕೂಡದು. ಈಗ ಷೆಡ್ಯೂಲಿನಲ್ಲಿ ನಾಲ್ಕು ಬದಿ ಬೇರೆ ಬೇರೆ ಇವೆ, ಕೆಳಗೆ 1890 ಚದರಡಿ ಅಂತಿದೆ. ಜೊತೆಗೆ ಲಗತ್ತಿಸಿದ ನಕ್ಷೆಯಲ್ಲಿ ಮೂಲೆಯಿಂದ ಮೂಲೆಗೆ ಒಂದು ಚುಕ್ಕೆಗೆರೆ, ಅದರ ಮೇಲೆ 63 ಅಡಿ. ಟೈಪ್ ಮಾಡುತ್ತಿದ್ದ ಹುಡುಗ, ಈ ಗೆರೆ ಯಾಕೆ ಸಾರ್, ಯಾರೂ ಹಾಕಿಸಲ್ಲ ಅಂದ. ನಾನು ಏನೋ ಹೇಳುವಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ದೊಡ್ಡಪ್ಪ ಅಂದರು, “ಹಾಕಪ್ಪಾ, ಅದಿಲ್ಲದೆ ಸೈಟು ಅಲುಗಾಡುತ್ತೆ.”